ಇಬ್ಬರು ಮೇಷ್ಟ್ರು, ಐದು ತರಗತಿ, ಒಂದು ವೇಳಾಪಟ್ಟಿ

ನೀವು ಯಾವುದಾದರೂ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಹೋದರೆ ಆಫೀಸ್ ಗೋಡೆ ಮೇಲಿನ ವೇಳಾಪಟ್ಟಿ ಒಮ್ಮೆ ನೋಡಿ. ಒಂದರಿಂದ ಐದರವರೆಗೆ ಐದು ಸಾಲು, ಒಂದೊಂದು ಮನೆಯಲ್ಲೂ ಒಂದೊಂದು ವಿಷಯ, ಬಣ್ಣದ ಸ್ಕೆಚ್ ಪೆನ್ನಲ್ಲಿ ಚೆಂದಕ್ಕೆ ಬರೆದಿರುತ್ತೆ. ಆಮೇಲೆ ಶಾಲೆಯಲ್ಲಿ ಎಷ್ಟು ಜನ ಟೀಚರ್ ಇದ್ದಾರೆ ಅಂತ ಎಣಿಸಿ. ಇಬ್ಬರೇ ಇದ್ದರೆ ಆ ಪಟ್ಟಿ ನಿಜ ಆಗೋಕೆ ಸಾಧ್ಯವೇ ಇಲ್ಲ ಅಂತ ತಕ್ಷಣ ಗೊತ್ತಾಗುತ್ತೆ.

ನಾನು ಕೆಲಸ ಮಾಡೋದು ಶ್ರೀನಿವಾಸಪುರ ತಾಲ್ಲೂಕಿನ ಆಂಧ್ರ ಗಡಿ ಕಡೆಯ ಇಂಥದ್ದೇ ಒಂದು ಶಾಲೆಯಲ್ಲಿ. ಮಕ್ಕಳು 29. ಒಂದರಿಂದ ಮೂರರವರೆಗೆ 18, ನಾಲ್ಕು ಮತ್ತು ಐದರಲ್ಲಿ 11. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಹಾಗಾಗಿ ಕಾಗದದ ಮೇಲೆ ನಮಗೆ ಕೊರತೆಯೇ ಇಲ್ಲ. ಆದರೆ ಕಾಯ್ದೆ ಎಣಿಸೋದು ತಲೆಗಳನ್ನ, ತರಗತಿಗಳನ್ನಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 8 ಪೀರಿಯಡ್, ಶನಿವಾರ ಬೆಳಗ್ಗೆ 5, ವಾರಕ್ಕೆ 45. ಐದು ತರಗತಿಗೆ 225 ಮನೆ ತುಂಬಬೇಕು. ಇಬ್ಬರು ಒಂದು ನಿಮಿಷ ಬಿಡುವಿಲ್ಲದೆ ನಿಂತರೂ ತುಂಬೋದು 90. ಉಳಿದ 135 ಮನೆಯಲ್ಲಿ ಟೀಚರ್ ಇರಲ್ಲ. ಗೋಡೆ ಮೇಲಿನ ಪಟ್ಟಿ ಮುಚ್ಚಿಡೋದು ಈ 135ನ್ನೇ.

ಹಾಗಾಗಿ ಈ ಸಲ ಎಸ್‌ಡಿಎಂಸಿ ಮುಂದೆ ಇಟ್ಟು ಸಿಆರ್‌ಪಿಗೆ ಕೊಡೋಕೆ ನಾನೂ ನಮ್ಮ ಮೇಡಂ ಕೂತು ಬರೆದ ಪ್ರಸ್ತಾವನೆಯಲ್ಲಿ ಸಾಲುಗಳನ್ನೇ ಬದಲಾಯಿಸಿದೆವು. ಸಾಲು ತರಗತಿಯದ್ದಲ್ಲ, ಟೀಚರದ್ದು. ಒಂದೊಂದು ಮನೆಯಲ್ಲೂ ಎರಡು ವಿಷಯ ಬರೀಬೇಕು: ಈ ಹೊತ್ತು ಟೀಚರ್ ಯಾರ ಜೊತೆ, ಉಳಿದವರು ಏನು ಮಾಡ್ತಿರ್ತಾರೆ. ಎರಡನೆಯದು ಬರೆಯೋಕಾಗದಿದ್ದರೆ ಆ ಮನೆ ಖಾಲಿ ಅಂತಲೇ ಲೆಕ್ಕ.

ಒಂದರಿಂದ ಮೂರಕ್ಕೆ ಇದು ಹೊಸದಲ್ಲ. ನಲಿ-ಕಲಿ ಹುಟ್ಟಿದ್ದೇ ಹೀಗೆ. ಎಚ್.ಡಿ. ಕೋಟೆಯ ಶಿಕ್ಷಕರು ಮದನಪಲ್ಲಿ ಹತ್ತಿರದ ಋಷಿವ್ಯಾಲಿಗೆ ಹೋಗಿ ನೋಡಿಬಂದು 1995ರಲ್ಲಿ ಶುರುಮಾಡಿದ್ದು. ನಮ್ಮ ರಾಯಲ್ಪಾಡು ದಾಟಿ ಹೋದರೆ ಸಿಗೋ ಊರಿನ ವಿದ್ಯೆ ಮೈಸೂರು ಸುತ್ತಿ ನಮಗೆ ಬಂತು ನೋಡಿ! ಅಲ್ಲಿ ಮಕ್ಕಳು ತರಗತಿವಾರು ಕೂರಲ್ಲ, ಎಷ್ಟು ಸಹಾಯ ಬೇಕು ಅನ್ನೋದರ ಮೇಲೆ ತಟ್ಟೆಗಳಲ್ಲಿ ಕೂರ್ತಾರೆ. ಟೀಚರ್ ಪೂರ್ತಿ ಸಹಾಯ ಮಾಡೋ ತಟ್ಟೆಯಿಂದ ಹಿಡಿದು ತಾವೇ ಕಲಿಯೋ ತಟ್ಟೆಯವರೆಗೆ. ಅದು ಮೇಡಂ ಕೈಲಿದೆ, ಅದನ್ನ ಮುಟ್ಟಲಿಲ್ಲ.

ಕಷ್ಟ ಇರೋದು ನಾಲ್ಕು-ಐದರಲ್ಲಿ, ಅಂದರೆ ನನ್ನ ಕೋಣೆಯಲ್ಲಿ. ಅಲ್ಲಿ ಕಾರ್ಡಿಲ್ಲ, ತಟ್ಟೆಯಿಲ್ಲ, ಎರಡು ತರಗತಿಗೆ ಬೇರೆ ಬೇರೆ ಪುಸ್ತಕ. 45 ಪೀರಿಯಡ್‌ಗಳನ್ನ ಹೀಗೆ ಹಂಚಿದೆವು. 23 ಪೀರಿಯಡ್ ಎರಡೂ ತರಗತಿ ಒಟ್ಟಿಗೆ: ಪರಿಸರ ಅಧ್ಯಯನ 8, ಇಂಗ್ಲಿಷ್ 8, ಆಟ-ಕಲೆ ಇತ್ಯಾದಿ 7. ಉಳಿದ 22 ಬೇರೆ ಬೇರೆ: ಗಣಿತ 10, ಕನ್ನಡ 12. ನೀರು, ಆಹಾರದಂಥ ಪಾಠ ಎರಡೂ ಪರಿಸರ ಪುಸ್ತಕದಲ್ಲಿ ಬರೋದರಿಂದ ಒಟ್ಟಿಗೆ ಮಾತಾಡಿ, ಬರವಣಿಗೆ ಮಾತ್ರ ಬೇರೆ ಕೊಡಬಹುದು. ಒಂದು ವರ್ಷ ನಾಲ್ಕರ ಪುಸ್ತಕ, ಮುಂದಿನ ವರ್ಷ ಐದರದ್ದು ಅಂತ ಇಬ್ಬರಿಗೂ ಒಂದೇ ಮಾಡೋಣ ಅನ್ನೋ ಯೋಚನೆಯೂ ಬಂತು. ಆದರೆ ಮೌಲ್ಯಾಂಕನದ ಪ್ರಶ್ನೆಪತ್ರಿಕೆ ಆಯಾ ತರಗತಿಯ ಪುಸ್ತಕದ ಮೇಲೆ ಬರುತ್ತೆ, ಮಕ್ಕಳು ಸಿಕ್ಕಿಹಾಕಿಕೊಳ್ತಾರೆ ಅಂತ ಕೈಬಿಟ್ಟೆವು.

ಗಣಿತವನ್ನ ಮಾತ್ರ ಹಾಗೆ ಬೆರೆಸೋಕಾಗಲ್ಲ. ಗುಣಾಕಾರ ಬಾರದವನಿಗೆ ಭಾಗಾಕಾರ ಬರಲ್ಲ. ಸಾಮಾನ್ಯವಾಗಿ ಏನು ಮಾಡ್ತೀವಿ? ಹತ್ತು ನಿಮಿಷ ಇವರಿಗೆ, ಹತ್ತು ನಿಮಿಷ ಅವರಿಗೆ ಅಂತ ಓಡಾಡ್ತೀವಿ. ಕೊನೆಗೆ ಯಾರಿಗೂ ಒಂದು ಲೆಕ್ಕ ಪೂರ್ತಿ ಆಗಿರಲ್ಲ. ಅದಕ್ಕೇ ದಿನಕ್ಕೆ ಎರಡು ಗಣಿತ ಪೀರಿಯಡ್ ಅಕ್ಕಪಕ್ಕ ಇಟ್ಟೆವು. ಮೊದಲ 40 ನಿಮಿಷ ನಾಲ್ಕಕ್ಕೆ ಹೊಸ ಪಾಠ, ಐದಕ್ಕೆ ಅಭ್ಯಾಸ. ಮುಂದಿನ 40 ನಿಮಿಷ ಉಲ್ಟಾ. ಒಂದೊಂದು ತರಗತಿಗೂ ವಾರಕ್ಕೆ 200 ನಿಮಿಷ ತುಂಡಾಗದ ಪಾಠ ಸಿಗುತ್ತೆ.

ಇದು ಕೆಡೋದು ಅಭ್ಯಾಸದ ಕಡೆಯಲ್ಲಿ. ಗುರುತು ಏನು ಅಂದರೆ ನನ್ನ ಟೇಬಲ್ ಮುಂದೆ ಸಾಲು. "ಸಾರ್ ಆಯ್ತು", "ಸಾರ್ ಇದು ಹೆಂಗೆ". ಕಾಲು ಗಂಟೆಯೊಳಗೆ ಸಾಲು ಶುರುವಾದರೆ ಕೊಟ್ಟ ಕೆಲಸ ತೀರಾ ಸುಲಭ, ಇಲ್ಲಾ ತೀರಾ ಹೊಸದು ಅಂತ ಅರ್ಥ. ಎಲ್ಲರ ನೋಟ್‌ಬುಕ್ಕಲ್ಲೂ ಒಂದೇ ತಪ್ಪು ಇದ್ದರೆ ಒಬ್ಬನದ್ದನ್ನ ಉಳಿದವರು ನಕಲು ಮಾಡಿದ್ದಾರೆ. ಹಾಗಾಗಿ ನಿಯಮ ಹಾಕಿಕೊಂಡೆವು: ಅಭ್ಯಾಸಕ್ಕೆ ಇವತ್ತಿನ ಪಾಠ ಬೇಡ, ನಿನ್ನೆ ಕಲಿಸಿದ್ದೇ ಇರಲಿ. ಉತ್ತರದ ಹಾಳೆ ಗೋಡೆ ಮೇಲಿರಲಿ, ತಾವೇ ನೋಡಿ ತಿದ್ದಿಕೊಳ್ಳಲಿ.

ಒಂದನೇ ತರಗತಿಗೆ ಜೂನ್-ಜುಲೈನಲ್ಲಿ ಮಾತ್ರ ಈ ಲೆಕ್ಕ ನಡೆಯಲ್ಲ. ನಮ್ಮ ಕಡೆ ಮಕ್ಕಳ ಮನೆಮಾತು ತೆಲುಗು. "ನೀಳ್ಳು" ಗೊತ್ತು, "ನೀರು" ಇನ್ನೂ ಕಿವಿಗೆ ಬಿದ್ದಿಲ್ಲ. ಕನ್ನಡದ ಕಾರ್ಡ್ ಕೊಟ್ಟು ನೀನೇ ಕಲಿ ಅಂದರೆ ಏನು ಕಲಿಯುತ್ತೆ ಆ ಮಗು? ಮುಳಬಾಗಿಲು ಕಡೆಯ ಗೆಳೆಯರೂ ಇದನ್ನೇ ಹೇಳ್ತಾರೆ. ಅದಕ್ಕೆ ಆ ಎರಡು ತಿಂಗಳು ದಿನಕ್ಕೆ ಒಂದು ಪೀರಿಯಡ್ ಮೂರನೇ ತರಗತಿಯವರು ನನ್ನ ಕೋಣೆಗೆ, ಎರಡೂ ಭಾಷೆ ಬರೋ ಒಬ್ಬಿಬ್ಬರು ಮಾತ್ರ ಮೇಡಂ ಜೊತೆ ಉಳಿದು ಚಿಕ್ಕವರಿಗೆ ತೆಲುಗಲ್ಲಿ ಹೇಳಿಕೊಡ್ತಾರೆ.

ಇನ್ನು ಕಾರ್ಯಭಾರ. ನಲಿ-ಕಲಿ ಟೀಚರ್‌ಗೆ 45ಕ್ಕೆ 45 ಪೀರಿಯಡ್ಡೂ ಮಕ್ಕಳ ಜೊತೆ. ನನಗೆ ಅಷ್ಟೂ ಇದ್ದು ಜೊತೆಗೆ ಬಿಸಿಯೂಟದ ದಾಸ್ತಾನು, ಹಾಲು-ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ. ಬಿಡುವು ಅಂತ ಎಲ್ಲೂ ಬರೆಯದಿದ್ದರೆ ಆ ಕೆಲಸ ಪಾಠದ ಹೊತ್ತನ್ನೇ ತಿನ್ನುತ್ತೆ, ಅದೂ ದೊಡ್ಡ ಮಕ್ಕಳ ಗಣಿತವನ್ನ. ಅದಕ್ಕೆ ವಾರದ ಐದು ದಿನ ಕೊನೆಯ ಪೀರಿಯಡ್ 29 ಮಕ್ಕಳೂ ಒಟ್ಟಿಗೆ: ಆಟ, ಹಾಡು, ಕಥೆ. ಒಬ್ಬರು ನೋಡಿಕೊಂಡರೆ ಇನ್ನೊಬ್ಬರಿಗೆ 40 ನಿಮಿಷ. ದಿನ ಬಿಟ್ಟು ದಿನ ಬದಲು. ಒಬ್ಬೊಬ್ಬರಿಗೆ ವಾರಕ್ಕೆ ಎರಡೋ ಮೂರೋ ಪೀರಿಯಡ್, ಅಷ್ಟೇ.

ಕೊನೆಯದು, ನನಗೆ ಮುಖ್ಯ ಅನಿಸಿದ್ದು, ಒಂಟಿ ಟೀಚರ್ ದಿನದ ಪಟ್ಟಿ. ತರಬೇತಿ, ಸಭೆ, ರಜೆ ಅಂತ ಒಬ್ಬರು ಇಲ್ಲದ ದಿನ ಇದ್ದೇ ಇರುತ್ತೆ. ಆ ದಿನ ಹೊಸ ಪಾಠ ಇಲ್ಲ ಅಂತ ಮೊದಲೇ ಒಪ್ಪಿಕೊಂಡು, ಬೇರೆ ವೇಳಾಪಟ್ಟಿ ಪಕ್ಕದಲ್ಲೇ ಅಂಟಿಸಿದ್ದೀವಿ. ಬೆಳಗ್ಗೆ ಚಿಕ್ಕವರಿಗೆ ಟೀಚರ್, ದೊಡ್ಡವರಿಗೆ ಓದು ಮತ್ತು ಅಭ್ಯಾಸದ ಲೆಕ್ಕ. ಊಟದ ನಂತರ ದೊಡ್ಡವರ ಲೆಕ್ಕ ತಿದ್ದೋದು, ಚಿಕ್ಕವರಿಗೆ ಚಿತ್ರ, ಮಣಿ ಎಣಿಕೆ. ಅಂಥ ದಿನವನ್ನ ಹಾಜರಿ ಪುಸ್ತಕದ ಅಂಚಿನಲ್ಲಿ ಕೆಂಪಲ್ಲಿ ಗುರುತು ಮಾಡ್ತೀವಿ. ತಿಂಗಳಿಗೆ ನಾಲ್ಕು ಕೆಂಪು ಬಿದ್ದರೆ ನಾಲ್ಕು-ಐದರ ಗಣಿತ ಹತ್ತಿರ ಹತ್ತಿರ ಒಂದು ವಾರ ಹಿಂದೆ ಬಿತ್ತು ಅಂತ ಗೊತ್ತಾಗುತ್ತೆ.

ಸಿಆರ್‌ಪಿ ಹತ್ತಿರ ನಾವು ಕೇಳಿದ್ದು ಎರಡೇ. ಇಬ್ಬರನ್ನೂ ಒಂದೇ ದಿನ ಹೊರಗೆ ಕರೆಯಬೇಡಿ, ಸಾಧ್ಯವಾದಷ್ಟು ಸಭೆ ಶನಿವಾರ ಮಧ್ಯಾಹ್ನ ಇಡಿ. ಮೂರನೇ ಟೀಚರ್ ಕೇಳಲಿಲ್ಲ, 29 ಮಕ್ಕಳಿಗೆ ಕೊಡಲ್ಲ ಅಂತ ಗೊತ್ತು. ಆದರೆ ಐದನೇ ತರಗತಿ ಮುಗಿಸಿದ ಹುಡುಗನಿಗೆ ಭಾಗಾಕಾರ ಬರದಿದ್ದರೆ ಅವನ ತಂಗಿ ಮುಂದಿನ ಜೂನ್‌ನಲ್ಲಿ ಪೇಟೆಯ ಸ್ಕೂಲ್ ವ್ಯಾನ್ ಹತ್ತುತ್ತಾಳೆ. ಹೀಗೆ ಸಂಖ್ಯೆ ಇಳೀತಾ ಹೋದರೆ ಇರೋ ಎರಡನೇ ಹುದ್ದೆಯೂ ಹೆಚ್ಚುವರಿ ಅನಿಸಿಕೊಳ್ಳೋಕೆ ಹೆಚ್ಚು ಹೊತ್ತು ಬೇಕಾಗಲ್ಲ. ಆಗ ಕೆಂಪು ಗುರುತು ದಿನಾ ಬೀಳುತ್ತೆ.