ಟೈಲ್ಸಿನ ಸಂದು ಹೇಳುವ ಕತೆ

ಕೋಡು ಬರೆಯುವವನಿಗೆ ಬಚ್ಚಲಿನ ಉಸಾಬರಿ ಯಾಕೆ ಅಂತ ಕೇಳ್ಬೇಡಿ. ಊರಿಗೆ ಹೋದ ಇಂಜಿನಿಯರ್ ಮಗನಿಗೆ ಫ್ಯಾನಿನಿಂದ ಹಿಡಿದು ಪಂಪಿನ ತನಕ ಎಲ್ಲಾ ಗೊತ್ತಿರ್ಬೇಕು ಅನ್ನೋದು ನಮ್ಮ ಕಡೆಯ ಅಲಿಖಿತ ನಿಯಮ. ಈ ಸಲ ಲಾಯಿಲದ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ಟೈಲ್ಸಿನ ಸಂದು.

"ಉಜ್ಜಿ ಉಜ್ಜಿ ಕೈ ಸೋತು ಹೋಯ್ತು ಮಗಾ, ಕೆಂಪು ಹೋಗುದೇ ಇಲ್ಲ" ಅಂದರು ಅಮ್ಮ. ಹಾಗೆ ಹೇಳುವಾಗ ಕೆಮ್ಮುತ್ತಾ ಇದ್ದರು. ಯಾಕೆ ಅಂತ ಬಗೆದು ನೋಡಿದ್ರೆ, ಮಳೆಗಾಲದಲ್ಲಿ ಅಂಗಳದ ಪಾಚಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರ್ ಸಂದಿಗೆ ಉದುರಿಸಿ, ಅದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದು, ಬಾಗಿಲು ಮುಚ್ಚಿಕೊಂಡು ಉಜ್ಜಿದ್ದಾರೆ! ಇದನ್ನು ಮೊದಲೇ ಹೇಳಿಬಿಡ್ತೇನೆ: ಇವೆರಡು ಸೇರಿದರೆ ಕ್ಲೋರಿನ್ ಅನಿಲ ಹೊರಡ್ತದೆ. ಸಣ್ಣ ಬಚ್ಚಲಲ್ಲಿ ಅದು ಶ್ವಾಸಕೋಶವನ್ನೇ ಸುಡಬಹುದು. ಒಂದು ದಿನ ಇದು, ಇನ್ನೊಂದು ದಿನ ಅದು ಅಂದರೂ ನಡುವೆ ಚೆನ್ನಾಗಿ ನೀರು ಹಾಕಿ ತೊಳೆದಿರಲೇಬೇಕು. ಒಟ್ಟಿಗೆ ಮಾತ್ರ ಯಾವತ್ತೂ ಬೇಡ.

ಇಷ್ಟು ಅಪಾಯ ಮೈಮೇಲೆ ಎಳಕೊಂಡರೂ ಕಲೆ ಹೋಗಿರಲಿಲ್ಲ. ಮೊದಲಿಗಿಂತ ಕೆಂಪಾಗಿತ್ತು. ಅದಕ್ಕೂ ಕಾರಣ ಇದೆ.

ಮನೆಯಲ್ಲಿ ಎರಡು ನೀರು. ಕುಡಿಯಲು ಬಾವಿಯದ್ದು, ಬಚ್ಚಲಿಗೆ ಬೋರ್‌ವೆಲ್ಲಿನದ್ದು. ಬೋರಿನ ನೀರು ನಳ್ಳಿಯಿಂದ ಬೀಳುವಾಗ ಕನ್ನಡಿಯಷ್ಟು ತಿಳಿ. ಅದೇ ನೀರನ್ನು ಬಿಳಿ ಬಕೆಟಿನಲ್ಲಿ ರಾತ್ರಿಯಿಡೀ ಇಟ್ಟೆ, ಬೆಳಿಗ್ಗೆ ತಳದಲ್ಲಿ ತೆಳ್ಳಗೆ ಕೆಂಪು ಗಸಿ. ಅಂದ್ರೆ ನೀರಲ್ಲಿ ಕರಗಿದ ಕಬ್ಬಿಣ ಇದೆ. ಭೂಮಿಯೊಳಗೆ ಗಾಳಿ ಸಿಗದಿದ್ದಾಗ ಅದು ಬಣ್ಣವಿಲ್ಲದೆ ಕರಗಿಕೊಂಡಿರ್ತದೆ, ಗಾಳಿ ತಾಗಿದ ಮೇಲೆ ತುಕ್ಕಾಗಿ ಕೂರ್ತದೆ. ನಳ್ಳಿಯ ಕೆಳಗೆ ಮತ್ತು ನೀರು ಹೋಗುವ ತೂತಿನ ಸುತ್ತ ಮಾತ್ರ ಕಲೆ ಕಡುಕೆಂಪು ಇದ್ದದ್ದು ಅದಕ್ಕೇ. ಬ್ಲೀಚಿಂಗ್ ಪೌಡರ್ ಮಾಡುವುದೂ ಅದೇ ಕೆಲಸ, ಉಳಿದ ಕಬ್ಬಿಣವನ್ನೂ ಬೇಗ ಬೇಗ ತುಕ್ಕು ಮಾಡಿಬಿಡ್ತದೆ! ಮೂಲೆಯಲ್ಲಿರುವ ಕಪ್ಪು ಬೂಸ್ಟಿಗೆ ಬ್ಲೀಚ್ ಸರಿ, ಈ ಕೆಂಪಿಗೆ ಅಲ್ಲ. ತುಕ್ಕಿನ ಕಲೆಗೆ ಹಾರ್ಡ್‌ವೇರ್ ಅಂಗಡಿಯ ಆಕ್ಸಾಲಿಕ್ ಆಸಿಡ್ ಪುಡಿಯನ್ನು ನೀರಲ್ಲಿ ತೆಳ್ಳಗೆ ಕಲಸಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು. ಅದೂ ವಿಷವೇ. ಕೈಗವಸು ಬೇಕು, ಮಕ್ಕಳ ಕೈಗೆ ಸಿಗಬಾರದು.

ಆದ್ರೆ ಕಲೆ ತೆಗೆದರೆ ಮುಗೀಲಿಲ್ಲ. ಟೈಲಿಗೆ ಹತ್ತದ ಕಲೆ ಸಂದಿಗೆ ಯಾಕೆ ಹತ್ತಿತು?

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಣಗಿದ ಸಂದಿನ ಮೇಲೆ ನಾಲ್ಕು ಹನಿ ನೀರು ಬಿಡಿ. ಹನಿ ಹಾಗೇ ನಿಂತರೆ ಸಂದು ಗಟ್ಟಿ ಇದೆ. ಕೆಲವೇ ಸೆಕೆಂಡಿನಲ್ಲಿ ಹೀರಿಕೊಂಡು ಗಾಢ ಬಣ್ಣಕ್ಕೆ ತಿರುಗಿದರೆ ಒಳಗೆಲ್ಲಾ ಸಣ್ಣ ಸಣ್ಣ ತೂತು. ನಮ್ಮಲ್ಲಿ ನೀರು ಬಿಟ್ಟ ಹಾಗೇ ಮಾಯ. ಹಿಂದೆ ಕೆಲಸ ಮಾಡಿದವರು ಬಿಳಿ ಸಿಮೆಂಟಿಗೆ ಬಣ್ಣ ಬೆರೆಸಿ, ಸಾರಿನ ಹಾಗೆ ತೆಳ್ಳಗೆ ಕಲಸಿ, ನೆಲದ ಮೇಲೆ ಸುರಿದು ಎಳೆದಿದ್ದರು. ನಮ್ಮೂರಿನಲ್ಲಿ ಮಾತ್ರ ಅಲ್ಲ, ಬಹಳ ಕಡೆ ಇದೇ ರೂಢಿ. ಸಿಮೆಂಟು ಗಟ್ಟಿಯಾಗಲು ಬೇಕಾದ್ದಕ್ಕಿಂತ ಹೆಚ್ಚು ಹಾಕಿದ ನೀರು ಕಡೆಗೆ ಆರಿ ಹೋಗ್ತದೆ, ಅದು ಇದ್ದ ಜಾಗ ತೂತಾಗಿ ಉಳೀತದೆ. ಆ ತೂತುಗಳೇ ಕಬ್ಬಿಣದ ನೀರು, ಸೋಪಿನ ಜಿಡ್ಡು, ಕಾಲಿನ ಕೆಮ್ಮಣ್ಣು ಎಲ್ಲವನ್ನೂ ಹೀರುವುದು. ಹಾಗೆ ನೀರು ಆರುವಾಗ ಸಿಮೆಂಟು ಕುಗ್ಗುತ್ತದೆ ಕೂಡ, ಮರಳಿಲ್ಲದ ಬರೀ ಸಿಮೆಂಟು ಇನ್ನೂ ಹೆಚ್ಚು. ಸಂದಿನ ನಡುವೆ ಅಡ್ಡಡ್ಡ ಕೂದಲೆಳೆಯ ಬಿರುಕು ಕಂಡರೆ ಸಾಮಾನ್ಯವಾಗಿ ಇದೇ ಕತೆ.

ಮೇಲಿಂದ ಆಸಿಡ್ ಬೇರೆ. ಟಾಯ್ಲೆಟ್ ತೊಳೆಯುವ ಆಸಿಡ್ಡಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರ್ತದೆ. ಸಂದಿಗೆ ಹಾಕಿದ್ರೆ ಬುರುಬುರು ನೊರೆ ಬರ್ತದಲ್ಲ, ಅದು ಕೊಳೆ ಹೋಗುವ ನೊರೆ ಅಲ್ಲ ಮಾರಾಯ್ರೆ, ಸಿಮೆಂಟಿನಲ್ಲಿರುವ ಸುಣ್ಣ ಕರಗುವ ನೊರೆ. ಒಂದು ಪದರ ಹೋದ್ದರಿಂದ ಆ ದಿನ ಬೆಳ್ಳಗೆ ಕಾಣ್ತದೆ. ಮುಂದಿನ ವಾರ ಒರಟಾದ ಮೈಗೆ ಕಲೆ ಇನ್ನೂ ಬೇಗ ಹತ್ತುತ್ತದೆ.

ಬೆಂಗಳೂರಿನಲ್ಲಿರುವವರಿಗೆ ಇಲ್ಲೊಂದು ವ್ಯತ್ಯಾಸ ಹೇಳ್ಬೇಕು. ಅಲ್ಲಿನ ಬೋರಿನ ಗಡಸು ನೀರು ಟೈಲಿನ ಮೇಲೆ ಬಿಳಿ ಸುಣ್ಣದ ಪೊರೆ ಕಟ್ತದೆ. ನಮ್ಮ ಮುರಕಲ್ಲಿನ ನಾಡಿನ ಬಾವಿಗಳಲ್ಲಿ ಮೆದು ನೀರು, ಸ್ವಲ್ಪ ಆಮ್ಲೀಯವಾಗಿರುವುದೂ ಉಂಟು. ಕುಡಿಯುವ ನೀರಿನ ಪಿಎಚ್ 6.5ಕ್ಕಿಂತ ಕೆಳಗೆ ಇರಬಾರದು ಅಂತ ಭಾರತೀಯ ಮಾನಕ ಇದೆ. ನಮ್ಮ ಬಾವಿ ನೀರಿಗೆ ಪಟ್ಟಿ ಅದ್ದಿದ್ರೆ 6ರ ಹತ್ತಿರ ತೋರಿಸಿತು. ಇಂಥ ನೀರು ಸಿಮೆಂಟಿಗೆ ಏನನ್ನೂ ಸೇರಿಸುವುದಿಲ್ಲ, ಅದರಿಂದ ನಿಧಾನಕ್ಕೆ ಸುಣ್ಣ ಎಳಕೊಳ್ತದೆ. ಅಲ್ಲಿ ಸಂದು ಪೊರೆ ಕಟ್ಟಿ ಹಾಳು, ಇಲ್ಲಿ ಸವೆದು ಹಾಳು.

ಈಗ ಬಿರುಕಿಗೆ ಬರೋಣ. ಬಿರುಕು ಎಲ್ಲಿದೆ ಅನ್ನೋದೇ ಅರ್ಧ ಉತ್ತರ. ನಮ್ಮಲ್ಲಿ ಎರಡು ಕಡೆ ಇತ್ತು.

ಮೊದಲನೆಯದು ನೆಲ ಮತ್ತು ಗೋಡೆ ಸೇರುವಲ್ಲಿ ಉದ್ದಕ್ಕೂ ಗೆರೆ ಎಳೆದ ಹಾಗೆ. ನೆಲ, ಗೋಡೆ ಎರಡೂ ಬೇರೆ ಬೇರೆ ದಿಕ್ಕಿಗೆ ಕೂದಲೆಳೆಯಷ್ಟು ಮಿಸುಕುತ್ತವೆ. ಬಿಸಿನೀರು ಬಿದ್ದರೆ ಹಿಗ್ಗು, ತಣಿದರೆ ಕುಗ್ಗು. ಆ ಮೂಲೆಗೆ ಎಷ್ಟು ಒಳ್ಳೆಯ ಗ್ರೌಟ್ ತುಂಬಿದರೂ ಒಡೆಯದೆ ಇರ್ಲಿಕ್ಕಿಲ್ಲ. ಅಲ್ಲಿಗೆ ಬೇಕಾದ್ದು ರಬ್ಬರಿನ ಹಾಗೆ ಎಳೆದರೆ ಎಳೆಯುವ ಸಿಲಿಕಾನ್ ಸೀಲೆಂಟ್. ಟ್ಯೂಬಿನ ಮೇಲೆ ಸ್ಯಾನಿಟರಿ ಅಂತ ಇರುವುದನ್ನೇ ತಗೊಳ್ಳಿ, ಅದರಲ್ಲಿ ಬೂಸ್ಟು ತಡೆಯುವ ಮದ್ದು ಸೇರಿಸಿರ್ತಾರೆ.

ಎರಡನೆಯದು ಬಾಗಿಲ ಹತ್ತಿರ, ಎರಡೇ ಎರಡು ಟೈಲ್ಸಿನ ನಾಲ್ಕೂ ಸುತ್ತ. ನಾಣ್ಯದಿಂದ ಕುಟ್ಟಿದರೆ ಬೇರೆಲ್ಲ ಟೈಲ್ಸು ಟಕ್ ಟಕ್, ಇವೆರಡು ಮಾತ್ರ ಡಬ್ ಡಬ್. ಅಡಿಯಲ್ಲಿ ಪೊಳ್ಳು. ಕಾಲಿಟ್ಟಾಗೆಲ್ಲ ಟೈಲು ತಗ್ಗಿ ಏಳ್ತದೆ, ಸಂದು ಒಡೀತದೆ, ಒಡೆದಲ್ಲಿ ನೀರು ಇಳೀತದೆ. ಇಂಥಲ್ಲಿ ಗ್ರೌಟ್ ಬದಲಾಯಿಸಿ ಪ್ರಯೋಜನ ಇಲ್ಲ, ಟೈಲನ್ನೇ ಎಬ್ಬಿಸಿ ಅಡಿ ಪೂರ್ತಿ ಅಂಟು ಹಚ್ಚಿ ಕೂರಿಸಬೇಕು.

ಹಾಗಾದ್ರೆ ಯಾವ ಗ್ರೌಟ್? ಅಂಗಡಿಯಲ್ಲಿ ಹತ್ತಾರು ಹೆಸರು ಇದ್ದರೂ ಒಳಗಿರುವುದು ಎರಡೇ ಜಾತಿ. ಒಂದು ಸಿಮೆಂಟಿನದ್ದು, ಪಾಲಿಮರ್ ಸೇರಿಸಿದ್ದು. ಸಂದು 3 ಮಿ.ಮೀ. ಒಳಗಿದ್ದರೆ ಮರಳಿಲ್ಲದ ನಯವಾದ್ದು, ಅದಕ್ಕಿಂತ ಅಗಲ ಇದ್ದರೆ ಕುಗ್ಗದ ಹಾಗೆ ಮರಳು ಸೇರಿಸಿದ್ದು. ಎರಡನೇ ಜಾತಿ ಎಪಾಕ್ಸಿ. ಇದರಲ್ಲಿ ಸಿಮೆಂಟಿನ ಬದಲು ರಾಳ ಇರ್ತದೆ. ನೀರು ಹೀರುವುದಿಲ್ಲ, ಮನೆಯ ಸಾಮಾನ್ಯ ಆಸಿಡ್ಡಿಗೂ ಜಗ್ಗುವುದಿಲ್ಲ. ಹಾಗಂತ ಎಲ್ಲಾ ಕಡೆ ಎಪಾಕ್ಸಿಯೇ ಅಂತ ಇಲ್ಲ. ರೇಟು ಹಲವು ಪಟ್ಟು, ಬಿಸಿಲು ಬೀಳುವಲ್ಲಿ ಬಿಳಿ ಬಣ್ಣ ಹಳದಿ ತಿರುಗ್ತದೆ, ಕೆಲಸ ಮಾಡಲು ಕೈ ಪಳಗಿರಬೇಕು.

ನಮ್ಮ ನೀರಿಗೆ ನೆಲಕ್ಕೆ ಎಪಾಕ್ಸಿ ಸರಿ ಅನ್ನಿಸಿತು. ಗೋಡೆಯಲ್ಲಿ ನೀರು ನಿಲ್ಲುವುದಿಲ್ಲ, ಸಂದೂ ಗಟ್ಟಿ ಇತ್ತು, ಹಾಗೇ ಬಿಟ್ಟೆವು. ಬಚ್ಚಲು 5 ಅಡಿಗೆ 7 ಅಡಿ, ಸುಮಾರು 3.25 ಚದರ ಮೀಟರ್. ಟೈಲು 300 ಮಿ.ಮೀ. ಚೌಕ, 8 ಮಿ.ಮೀ. ದಪ್ಪ, ಸಂದು 3 ಮಿ.ಮೀ. ಒಂದು ಚದರ ಮೀಟರಿಗೆ ಎಷ್ಟು ಕಿಲೋ ಬೇಕು ಅನ್ನೋ ಲೆಕ್ಕ ಹೀಗೆ (ಕೊನೆಯ 1.6 ಗ್ರೌಟಿನ ಸಾಂದ್ರತೆ):

```
(300 + 300) / (300 × 300) × 8 × 3 × 1.6 = 0.256
0.256 × 3.25 = 0.83
```

ಕೈಗೆ, ಬಕೆಟಿಗೆ ಅಂಟಿ ಹೋಗುವುದನ್ನು ಸೇರಿಸಿ ಒಂದು ಕಿಲೋ ಸಾಕಾಯ್ತು.

ಮೇಸ್ತ್ರಿ ಮಾತ್ರ "ಹಳೆಯದ್ದರ ಮೇಲೆಯೇ ಎಳ್ದು ಬಿಡುವ ಸಾರ್, ಎಂತ ಆಗುದಿಲ್ಲ" ಅಂದರು. ಆಗ್ತದೆ. ತೆಳ್ಳಗಿನ ಪದರ ಕೆಲವೇ ತಿಂಗಳಲ್ಲಿ ಚಕ್ಕೆ ಎದ್ದು ಬರ್ತದೆ. ಟೈಲಿನ ದಪ್ಪದ ಮೂರರಲ್ಲಿ ಎರಡು ಪಾಲಾದರೂ ಹಳೆಯದನ್ನು ಕೆರೆದು ತೆಗೆಯಬೇಕು, ನಮ್ಮ 8 ಮಿ.ಮೀ. ಟೈಲಿಗೆ 5ರಿಂದ 6 ಮಿ.ಮೀ. ಹ್ಯಾಕ್ಸಾ ಬ್ಲೇಡಿನ ತುಂಡು ಹಿಡಿದು ಇಬ್ಬರೂ ಕೂತು ಕೆರೆದೆವು. ಒಂದಿಡೀ ದಿನ ಹೋಯ್ತು. ಪೊಳ್ಳು ಟೈಲ್ಸು ಎರಡನ್ನೂ ಅದೇ ದಿನ ಎಬ್ಬಿಸಿ ಕೂರಿಸಿದೆವು.

ಆಮೇಲೆ ಒಣಗಿಸುವುದು. ಎಪಾಕ್ಸಿಗೆ ಸಂದು ಒಣಗಿರಲೇಬೇಕು, ಒದ್ದೆ ಗೋಡೆಗೆ ಪೇಂಟು ಹಚ್ಚಿದ ಹಾಗೆ ಆಗಬಾರದು. ನಮ್ಮೂರಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬಚ್ಚಲು! ಹಾಗಾಗಿ ಡಿಸೆಂಬರಿಗೇ ಇಟ್ಟುಕೊಂಡದ್ದು. ಹೊರಗೆ ಹಂಡೆ ಇರುವ ಹಳೇ ಬಚ್ಚಲು ಇನ್ನೂ ಇದ್ದದ್ದರಿಂದ ಸ್ನಾನಕ್ಕೆ ತೊಂದರೆ ಆಗ್ಲಿಲ್ಲ. ಮೂರು ದಿನ ಕಿಟಕಿ ತೆರೆದಿಟ್ಟು ಒಂದು ಹನಿ ನೀರೂ ಬೀಳದ ಹಾಗೆ ನೋಡಿಕೊಂಡೆವು.

ಎಪಾಕ್ಸಿಯ ರಾಳ ಮತ್ತು ಗಟ್ಟಿಗೊಳಿಸುವ ದ್ರಾವಣವನ್ನು ಪ್ಯಾಕಿನಲ್ಲಿ ಕೊಟ್ಟ ಅಳತೆಯಲ್ಲೇ ಬೆರೆಸಬೇಕು. ಕಣ್ಣಳತೆಯಲ್ಲಿ ಅರ್ಧ ಮಾಡಲು ಹೋದರೆ ಕಡೆತನಕ ಅಂಟಂಟಾಗಿಯೇ ಉಳಿಯಬಹುದು. ಬೆರೆಸಿದ ಮೇಲೆ ಅರ್ಧ ಮುಕ್ಕಾಲು ಗಂಟೆ ಮಾತ್ರ ಕೈಗೆ ಸಿಗ್ತದೆ, ಸೆಕೆ ಇದ್ದರೆ ಇನ್ನೂ ಕಮ್ಮಿ. ರಬ್ಬರ್ ಪಟ್ಟಿಯಿಂದ ಸಂದಿಗೆ ಓರೆಯಾಗಿ ಒತ್ತಿ ತುಂಬಿ, ಟೈಲಿನ ಮೇಲೆ ಉಳಿದದ್ದನ್ನು ಆಗಲೇ ಒದ್ದೆ ಸ್ಪಂಜಿನಿಂದ ಒರೆಸಬೇಕು. ನಾಳೆಗೆ ಬಿಟ್ಟರೆ ಟೈಲಿನ ಮೇಲೆ ಮಸುಕು ಪೊರೆ ಕೂತುಬಿಡ್ತದೆ, ಮತ್ತೆ ಹೋಗುವುದು ಬಹಳ ಕಷ್ಟ. ಗೋಡೆಯ ಮೂಲೆಯ ಸಂದನ್ನು ಖಾಲಿ ಬಿಟ್ಟು ಮರುದಿನ ಸಿಲಿಕಾನ್ ಹಾಕಿದೆವು. ನೀರು ಬಿಟ್ಟದ್ದು ವಾರ ಕಳೆದ ಮೇಲೆ.

ಒಂದು ಮಾತು ಬಾಕಿ ಇದೆ. ಎಪಾಕ್ಸಿ ಹಾಕಿದ್ರೆ ಸೋರುವುದು ನಿಲ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಸೋರುವುದನ್ನು ತಡೆಯಬೇಕಾದ್ದು ಟೈಲಿನ ಅಡಿಯ ವಾಟರ್‌ಪ್ರೂಫಿಂಗ್ ಪದರ. ಬಿಳಿ ಪುಡಿ ಸಂದಿನಿಂದ ಉಕ್ಕಿ ಬಂದು, ಉಜ್ಜಿದರೂ ಒಣಗಿದಾಗೆಲ್ಲ ಮತ್ತೆ ಕಾಣಿಸಿಕೊಂಡರೆ ಅಡಿಯಲ್ಲಿ ನೀರು ನಿಂತು ಸಿಮೆಂಟಿನ ಲವಣ ಮೇಲೆ ತರ್ತಾ ಇದೆ ಅಂತ ಅರ್ಥ. ಅದಕ್ಕೆ ಸಂದಿನಲ್ಲಿ ಮದ್ದಿಲ್ಲ.

ಈಗಲೂ ಬೋರಿನ ನೀರಿನ ಕೆಂಪು ನೆಲದ ಮೇಲೆ ಕೂರ್ತದೆ. ಕಬ್ಬಿಣ ಎಲ್ಲಿಗೂ ಹೋಗಿಲ್ಲವಲ್ಲ! ಆದರೆ ಮೇಲ್ಮೈಯಲ್ಲಿ ಮಾತ್ರ. ಅಮ್ಮ ವಾರಕ್ಕೊಮ್ಮೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೆದು ಬ್ರಷ್ಷಿನಲ್ಲಿ ತಿಕ್ಕಿದ್ರೆ ಹೋಗ್ತದೆ. ಬ್ಲೀಚಿಂಗ್ ಪೌಡರ್ ಡಬ್ಬ ಅಂಗಳದ ಕಡೆಯ ಕೊಟ್ಟಿಗೆಗೆ ಹೋಗಿದೆ, ಆಸಿಡ್ ಬಾಟ್ಲಿ ಟಾಯ್ಲೆಟ್ಟಿನ ಮೇಲಿನ ಶೆಲ್ಫಿನಲ್ಲಿದೆ. ಎರಡರ ನಡುವೆ ಈಗ ಒಂದು ಅಂಗಳದಷ್ಟು ದೂರ.