ತೊಡೆ ಮೇಲಿನ ಎಂಟು ಲೆಕ್ಕ

ನಮ್ಮನೆಗೆ ಬರೋರೆಲ್ಲ ಕೇಳೋ ಒಂದು ಮಾತು, "ನಿಮ್ಮ ಮೊಮ್ಮಗಳು ಹಾಡ್ಕೊಂಡು ಹಾಡ್ಕೊಂಡು ತೊಡೆ ಯಾಕೆ ಬಡ್ಕೋತಾಳೆ?" ಶಿಡ್ಲಘಟ್ಟದ ನಾದಿನಿಯಂತೂ ಮೊನ್ನೆ ಅವರೆಕಾಳು ಹಿತುಕ್ತಾ ಕೂತಿದ್ದೋಳು, "ಅತ್ತಿಗೆ, ಬಾಯಿಗೆ ಬಂದ್ರೆ ಸಾಲ್ದೆ? ಕೈಗೇನು ಕೆಲ್ಸ?" ಅಂದ್ಬಿಟ್ಲು. ಪಿಯುಸಿ ಓದೋವಾಗ ಗೌರಿಬಿದನೂರಲ್ಲಿದ್ಕೊಂಡು ನಾನೂ ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಿದ್ದೋಳೇ. ಮುಂದೆ ಹೋಗಲಿಲ್ಲ, ಆದರೆ ಕೈ ಲೆಕ್ಕ ಮರೆತಿಲ್ಲ. ನಿಮ್ಮ ಮನೆಗಳಲ್ಲೂ ಮಕ್ಕಳು ಪಾಠಕ್ಕೆ ಹೋಗ್ತಿದ್ದಾರೆ, ಮನೇಲಿ ಕೂತು ಅಭ್ಯಾಸ ಮಾಡಿಸೋರು ನಾವೇ ತಾನೆ. ಅದಕ್ಕೇ ಈ ಸಲ ಅಡುಗೆ ಬಿಟ್ಟು ತಾಳದ ವಿಷಯ ಬರೀತಿದ್ದೀನಿ.

ಮೊದಲನೇ ದಿನದಿಂದ ಮಕ್ಕಳು ಹಿಡಿಯೋದು ಆದಿತಾಳ. ಬಲಗೈ ಅಂಗೈ ಕೆಳಗೆ ಮಾಡಿ ತೊಡೆ ಮೇಲೆ ಒಂದು ಪೆಟ್ಟು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಒಂದೊಂದಾಗಿ ಎಣಿಸಬೇಕು. ಪೆಟ್ಟು ಸೇರಿ ನಾಲ್ಕಾಯ್ತು, ಇದಕ್ಕೆ ಲಘು ಅಂತಾರೆ. ಆಮೇಲೆ ಒಂದು ಪೆಟ್ಟು, ಅಂಗೈ ಮೇಲಕ್ಕೆ ತಿರುಗಿಸಿ ಒಂದು ಹುಸಿ. ಈ ಎರಡು ಸೇರಿ ಒಂದು ದ್ರುತ. ಅದನ್ನೇ ಇನ್ನೊಂದು ಸಲ. ನಾಲ್ಕು, ಎರಡು, ಎರಡು, ಒಟ್ಟು 8. ಈ ಒಂದೊಂದು ಲೆಕ್ಕಕ್ಕೂ ಅಕ್ಷರ ಅಂತ ಹೆಸರು, ಎಂಟೂ ಮುಗಿದರೆ ಒಂದು ಆವರ್ತ. ಮುಗೀತು ಅಂತ ನಿಲ್ಲಿಸೋ ಹಂಗಿಲ್ಲ, ಎಂಟನೇ ಹುಸಿ ಆದ ತಕ್ಷಣ ಅದೇ ಗತಿಯಲ್ಲಿ ಮತ್ತೆ ಮೊದಲ ಪೆಟ್ಟು ಬೀಳಬೇಕು.

ಬರೀ ಎಂಟು ಸಲ ಚಪ್ಪಾಳೆ ತಟ್ಟಿದ್ರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. ಹಂಗೆ ತಟ್ಟಿದ್ರೆ ಐದನೇದರಲ್ಲಿದ್ದೀವೋ ಏಳನೇದರಲ್ಲಿದ್ದೀವೋ ಅಂತ ಹಾಡೋಳಿಗೆ ಗೊತ್ತಾಗಲ್ಲ. ಬೆರಳಲ್ಲಿದ್ರೆ ಆವರ್ತದ ಮೊದಲ ಅರ್ಧ, ಹುಸಿಗೆ ಬಂದ್ರೆ ಎರಡನೇ ಅರ್ಧ. ಕಣ್ಣು ಮುಚ್ಚಿ ಹಾಡ್ತಿದ್ರೂ ಎಲ್ಲಿದ್ದೀವಿ ಅಂತ ಕೈ ಹೇಳ್ತಿರುತ್ತೆ.

ಈಗ ಮೊದಲನೇ ಸರಳೆ ವರಸೆ ತಗೊಳ್ಳಿ. ಮಾಯಾಮಾಳವಗೌಳ ರಾಗದಲ್ಲಿ ಶುರು ಮಾಡೋ ಈ ಕ್ರಮ ಪುರಂದರದಾಸರು ಹಾಕಿಕೊಟ್ಟಿದ್ದು ಅಂತ ಹೇಳ್ತಾರೆ. ಸ ಪೆಟ್ಟಿಗೆ, ರಿ ಕಿರುಬೆರಳಿಗೆ, ಗ ಉಂಗುರದ ಬೆರಳಿಗೆ, ಮ ನಡುಬೆರಳಿಗೆ. ಪ ಪೆಟ್ಟಿಗೆ, ದ ಹುಸಿಗೆ, ನಿ ಪೆಟ್ಟಿಗೆ, ಮೇಲಿನ ಸ ಕೊನೇ ಹುಸಿಗೆ. ಹತ್ತೋದಕ್ಕೆ ಒಂದು ಆವರ್ತ ಆಯ್ತು. ಇಳಿಯೋವಾಗ ಮತ್ತೆ ಆ ಮೇಲಿನ ಸ ದಿಂದಲೇ ಶುರು, ಅದು ಹೊಸ ಆವರ್ತದ ಪೆಟ್ಟಿಗೆ. ಆಮೇಲೆ ನಿ, ದ, ಪ ಬೆರಳುಗಳಿಗೆ, ಮ ಗ ಒಂದು ದ್ರುತಕ್ಕೆ, ರಿ ಸ ಇನ್ನೊಂದು ದ್ರುತಕ್ಕೆ.

ಮಕ್ಕಳು ಎಡವೋದು ಇಲ್ಲೇ. ಮೇಲಿನ ಸ ಎರಡು ಸಲ ಬರಬೇಕು, ಹುಸಿಗೆ ಒಂದು, ಅದರ ಹಿಂದೇನೇ ಪೆಟ್ಟಿಗೆ ಒಂದು. ಹುಡುಗೀರು ಎರಡನ್ನೂ ಸೇರಿಸಿ ಒಂದೇ ಮಾಡಿಬಿಡ್ತಾರೆ. ಕಿವಿಗೆ ಏನೂ ತಪ್ಪು ಅನ್ನಿಸಲ್ಲ, ಚೆನ್ನಾಗೇ ಹತ್ತಿ ಇಳಿದಂಗೆ ಕೇಳುತ್ತೆ. ಆದರೆ 16 ಇರಬೇಕಾದ ಸ್ವರ 15 ಆಗಿರುತ್ತೆ. ಹಿಡಿಯೋದು ಹೆಂಗೆ ಅಂದ್ರೆ ಕೊನೇ ಸ ಬಂದಾಗ ಕೈ ನೋಡಿ. ಅಂಗೈ ಮೇಲಾಗಿದ್ರೆ ಸರಿ. ಸ ಪೆಟ್ಟಿಗೆ ಬಿದ್ದು ಒಂದು ಹುಸಿ ಅನಾಥವಾಗಿ ಉಳಿದಿದ್ರೆ ಮಧ್ಯದಲ್ಲಿ ಎಲ್ಲೋ ಒಂದು ಸ್ವರ ನುಂಗಿದ್ದಾಳೆ ಅಂತ ಲೆಕ್ಕ. ನಮಗೆ ಸ್ವರಜ್ಞಾನ ಇಲ್ದಿದ್ರೂ ಪರವಾಗಿಲ್ಲ, ಕೈ ನೋಡಿದ್ರೆ ಸಾಕು. ಒಗ್ಗರಣೆ ಹಾಕ್ತಾನೇ ನೋಡಬಹುದು.

ಇದಾದ ಮೇಲೆ ಮೂರು ಕಾಲ. ಇದನ್ನ ನಾನು ಮೊಮ್ಮಗಳಿಗೆ ಸೇರು ಇಟ್ಕೊಂಡು ಹೇಳಿದೆ. ಅಮ್ಮನ ಕಾಲದ ಹಿತ್ತಾಳೆ ಸೇರು ಇನ್ನೂ ನಮ್ಮ ಹತ್ರ ಇದೆ. ಅದರ ತುಂಬ ಕಡ್ಲೆಕಾಯಿ ಹಾಕು, ಸ್ವಲ್ಪ ಹಿಡಿಸುತ್ತೆ. ಅವರೆಕಾಳು ಹಾಕು, ಇನ್ನೂ ಜಾಸ್ತಿ ಹಿಡಿಸುತ್ತೆ. ರಾಗಿ ಹಾಕಿದ್ರೆ ಎಣಿಸೋಕೇ ಆಗಲ್ಲ. ಸೇರು ಮಾತ್ರ ಅದೇ, ಒಂದಿಷ್ಟೂ ಹಿಗ್ಗಲಿಲ್ಲ, ಕುಗ್ಗಲಿಲ್ಲ. ತಾಳವೂ ಹಂಗೇ. ಒಂದನೇ ಕಾಲದಲ್ಲಿ ಅಕ್ಷರಕ್ಕೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಸ್ವರ ಸಣ್ಣದಾಗ್ತಾ ಹೋಗುತ್ತೆ, ಕೈ ಇದ್ದ ಗತಿಯಲ್ಲೇ ಇರಬೇಕು.

ಹಂಗಾಗಿ ಎರಡನೇ ಕಾಲದಲ್ಲಿ ಮೊದಲ ಪೆಟ್ಟಿಗೇ ಸ ರಿ ಎರಡೂ ಮುಗೀಬೇಕು, ಕಿರುಬೆರಳಿಗೆ ಗ ಮ, ಉಂಗುರದ ಬೆರಳಿಗೆ ಪ ದ, ನಡುಬೆರಳಿಗೆ ನಿ ಸ. ಲಘು ಮುಗಿಯೋಷ್ಟರಲ್ಲಿ ಹತ್ತಿ ಆಯ್ತು, ಎರಡು ದ್ರುತದಲ್ಲಿ ಇಳಿದೂ ಆಯ್ತು. ಇಡೀ ವರಸೆ ಒಂದೇ ಆವರ್ತ. ಮೂರನೇ ಕಾಲದಲ್ಲಿ ಬರೀ ಲಘುವಿನೊಳಗೇ ಹತ್ತಿ ಇಳಿದುಬಿಡ್ತೀವಿ, ದ್ರುತದ ಪೆಟ್ಟಿಗೆ ವರಸೆ ಮತ್ತೆ ಶುರು ಮಾಡಬೇಕು. ಅದಕ್ಕೇ ಒಂದನೇ ಕಾಲ ಒಂದು ಸಲ, ಎರಡನೇ ಕಾಲ ಎರಡು ಸಲ, ಮೂರನೇ ಕಾಲ ನಾಲ್ಕು ಸಲ ಹಾಡಿಸಿದ್ರೆ ಮೂರಕ್ಕೂ ಎರಡೆರಡು ಆವರ್ತ ಸಮಸಮ ಆಗುತ್ತೆ.

ಸಮಸಮ ಆಗುತ್ತೆ ಅಂದ್ರೆ ಹಿಡಿಯೋ ಟೈಮೂ ಒಂದೇ ಇರಬೇಕಲ್ಲ. ಇಲ್ಲೇ ನಾನು ಮೊಮ್ಮಗಳನ್ನ ಹಿಡಿದಿದ್ದು. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡ್ತಾ ಕೂತೆ. ಒಂದನೇ ಕಾಲಕ್ಕೆ 24 ಸೆಕೆಂಡ್ ತಗೊಂಡ್ಲು. ಎರಡನೇ ಕಾಲ ಎರಡು ಸಲಕ್ಕೆ 19. ಮೂರನೇ ಕಾಲ ನಾಲ್ಕು ಸಲಕ್ಕೆ 15. "ಎಷ್ಟು ಫಾಸ್ಟಾಗಿ ಹಾಡಿದೆ ನೋಡಜ್ಜಿ" ಅಂತ ಹಿಗ್ಗಿದ್ಲು. "ಬಾಯಿ ಫಾಸ್ಟಾಗಿದ್ದು ಸರಿ ಪುಟ್ಟಿ, ಕೈ ಯಾಕೆ ಓಡ್ತು? ಸೇರೇ ಚಿಕ್ಕದಾಯ್ತಲ್ಲ" ಅಂದೆ. ಬಾಯಿ ಎಳೆದ ಕಡೆ ಕೈ ಹೋಗೋದು ಎಲ್ಲಾ ಮಕ್ಕಳಿಗೂ ಇರೋ ಚಾಳಿ. ಮೂರಕ್ಕೂ 24 ಬಂದಿದ್ರೆ ಕೈ ನಿಂತಿದೆ ಅಂತ ಅರ್ಥ.

ಸರಿಮಾಡೋಕೆ ಎರಡು ಕೆಲಸ ಮಾಡಿದೆ. ಒಂದು, ತಾಳ ನಾನು ಹಾಕ್ತೀನಿ, ನೀನು ಬರೀ ಹಾಡು ಅಂದೆ. ನನ್ನ ಕೈ ಅವಳ ಬಾಯಿಗೆ ಜಗ್ಗಲ್ಲ, ಹಂಗಾಗಿ ಎಲ್ಲಿ ಅವಸರ ಬೀಳ್ತಿದ್ದೀನಿ ಅಂತ ಅವಳಿಗೇ ಗೊತ್ತಾಯ್ತು. ಎರಡು ದಿನ ಆದ ಮೇಲೆ ಕೈ ಅವಳಿಗೇ ಬಿಟ್ಟೆ. ಇನ್ನೊಂದು, ಗತಿಯನ್ನ ಹಿಂದಿನಿಂದ ಹುಡುಕಿದ್ದು. ಮೂರನೇ ಕಾಲದಲ್ಲಿ ಸ್ವರ ಸ್ಪಷ್ಟವಾಗಿ ಎಷ್ಟು ಬೇಗ ಹೇಳೋಕಾಗುತ್ತೋ ಅದನ್ನ ಮೊದಲು ನೋಡ್ಕೊಂಡು, ಆ ಗತಿಗೆ ತಕ್ಕಂಗೆ ಒಂದನೇ ಕಾಲ ಶುರು ಮಾಡಿಸಿದೆ. ಅವಳಿಗೆ ಎರಡು ಸೆಕೆಂಡಿಗೆ ಒಂದು ಪೆಟ್ಟು ಸರಿಹೋಯ್ತು. ಒಂದನೇ ಕಾಲ ಎಳೆದಂಗೆ ಅನ್ನಿಸುತ್ತೆ, ಉಸಿರು ಹಿಡಿಯೋದು ಕಷ್ಟ, ಆದರೂ ಹಂಗೇ ಹಾಡಬೇಕು. ಮೊಬೈಲಲ್ಲಿ ಟಕ್ ಟಕ್ ಅನ್ನೋ ಆ್ಯಪ್ ಹಾಕಿಕೊಡೋರಿದ್ದಾರೆ. ಬೇಡ ಅನ್ನಲ್ಲ, ಆದರೆ ಅದರಲ್ಲಿ ಬೆರಳೂ ಇಲ್ಲ ಹುಸಿಯೂ ಇಲ್ಲ, ಕೈ ಜೊತೆಗಿರಲೇಬೇಕು.

ಸರಳೆ, ಜಂಟಿ ಎಲ್ಲಾ ಆದಿತಾಳದಲ್ಲೇ ಆಗಿಹೋಗುತ್ತೆ, ಅದಕ್ಕೆ ಮಕ್ಕಳಿಗೆ ಸಂಗೀತ ಅಂದ್ರೆ ಎಂಟೇ ಅನ್ನೋ ಭ್ರಮೆ ಬಂದಿರುತ್ತೆ. ಅಲಂಕಾರಕ್ಕೆ ಬಂದಾಗ ಏಳು ತಾಳ ಎದುರಿಗೆ ನಿಲ್ಲುತ್ತೆ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಏಳೂ ಇಲ್ಲಿ ಬರೆದ್ರೆ ನಿಮಗೆ ತಲೆನೋವು. ತ್ರಿಪುಟ ಒಂದು ಗೊತ್ತಾದ್ರೆ ಸಾಕು, ಯಾಕಂದ್ರೆ ನಮ್ಮ ಆದಿತಾಳವೂ ಅದೇ ಮನೆಯದು.

ತ್ರಿಪುಟ ಅಂದ್ರೆ ಒಂದು ಲಘು, ಎರಡು ದ್ರುತ. ಅಲಂಕಾರದಲ್ಲಿ ಕಲಿಸೋ ತ್ರಿಪುಟದ ಲಘು ಮೂರೇ ಎಣಿಕೆಯದು, ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ಅಷ್ಟೇನೆ. ಆಮೇಲೆ ಮಾಮೂಲಿ ಎರಡು ದ್ರುತ. ಒಟ್ಟು 7. ಸ ರಿ ಗ ಲಘುವಿಗೆ, ಸ ರಿ ಒಂದು ದ್ರುತಕ್ಕೆ, ಗ ಮ ಇನ್ನೊಂದಕ್ಕೆ. ಅದೇ ಲಘುವನ್ನ ನಾಲ್ಕು ಎಣಿಕೆಗೆ ಬೆಳೆಸಿದ್ರೆ ನಾಲ್ಕು, ಎರಡು, ಎರಡು, ನಮ್ಮ ಆದಿತಾಳ ಬಂತು. ಅದಕ್ಕೇ ಅದಕ್ಕೆ ಚತುರಶ್ರ ಜಾತಿ ತ್ರಿಪುಟ ಅಂತಲೂ ಹೆಸರು. ದ್ರುತ ಯಾವ ತಾಳದಲ್ಲಿ ಬಂದ್ರೂ ಎರಡೇ, ಬದಲಾಗೋದು ಲಘು ಮಾತ್ರ. ಅದು 3, 4, 5, 7, 9 ಹಿಂಗೆ ಐದು ಅಳತೆಯಲ್ಲಿ ಬರುತ್ತೆ. ಏಳು ತಾಳಕ್ಕೆ ಐದೈದು ಅಳತೆ ಅಂದ್ರೆ 35 ತಾಳ. ಕೇಳೋಕೆ ದೊಡ್ಡದು, ಕಲಿಯೋ ಮಕ್ಕಳಿಗೆ ಬೇಕಾಗೋದು ಬೆರಳೆಣಿಕೆಯಷ್ಟೇ.

ತ್ರಿಪುಟದ ಕಷ್ಟ ಗೊತ್ತಾಗೋದು ಮಲಹರಿ ರಾಗದ ಗೀತೆಗಳಲ್ಲಿ. "ಕೆರೆಯ ನೀರನು" ತ್ರಿಪುಟದಲ್ಲಿದೆ. ತಿಂಗಳುಗಟ್ಟಲೆ ಆದಿತಾಳ ಹಾಕಿದ ಕೈ ಅಭ್ಯಾಸಬಲದಿಂದ ನಡುಬೆರಳನ್ನೂ ಎಣಿಸಿಬಿಡುತ್ತೆ. ಆವರ್ತಕ್ಕೆ ಒಂದೊಂದು ಜಾಸ್ತಿ ಆಗ್ತಾ ಹೋಗಿ ನಾಲ್ಕನೇ ಆವರ್ತದ ಹೊತ್ತಿಗೆ ಸಾಲಿನ ಮೊದಲಕ್ಷರ ಹಾಡೋವಾಗ ಕೈ ಎಲ್ಲೋ ಹುಸಿಯಲ್ಲಿರುತ್ತೆ. ನಾನು ಮಾಡಿದ್ದು ಇಷ್ಟೇ. ಅವಳ ನಡುಬೆರಳಿಗೆ ಒಂದು ದಾರ ಕಟ್ಟಿ, ಈ ಬೆರಳು ಇವತ್ತು ರಜ ಅಂದೆ. ಹಾಡು ಬಿಟ್ಟು ಬರೀ ತಾಳ ಹತ್ತು ಆವರ್ತ ಹಾಕಿಸಿ, ಆಮೇಲೆ ಸಾಹಿತ್ಯ ಸೇರಿಸಿದೆ.

ರೂಪಕ ಇದಕ್ಕೆ ತಿರುವು ಮುರುವು, ಅಲ್ಲಿ ದ್ರುತ ಮೊದಲು, ನಾಲ್ಕರ ಲಘು ಆಮೇಲೆ, ಒಟ್ಟು 6. ಕಛೇರಿಯಲ್ಲಿ ಅದನ್ನೇ ಎರಡು ಪೆಟ್ಟು ಒಂದು ಹುಸಿ ಅಂತ ಮೂರರಲ್ಲಿ ಹಾಕೋದು ಕಂಡ್ರೆ ಮಕ್ಕಳು ಗಾಬರಿಯಾಗ್ತಾರೆ, ಮೊದಲೇ ಹೇಳಿಟ್ಟಿರಿ.

ಕೈವಾರದಲ್ಲಿ ಗುರುಪೂರ್ಣಿಮೆಗೆ ಸಂಗೀತೋತ್ಸವ ಆಗುತ್ತಲ್ಲ, ಚಿಂತಾಮಣಿ ಕಡೆಯೋರಿಗೆ ನಾನೇನು ಹೇಳಬೇಕಿಲ್ಲ. ಅಲ್ಲಿಗೆ ಮಕ್ಕಳನ್ನ ಕರ್ಕೊಂಡು ಹೋದ್ರೆ ವೇದಿಕೆ ಜೊತೆ ಮುಂದಿನ ಸಾಲಿನಲ್ಲಿ ಕೂತ ದೊಡ್ಡೋರ ಕೈಗಳನ್ನೂ ತೋರಿಸಿ. ಇಂಥ ಕಡೆ ಮೊಮ್ಮಗಳು ನನ್ನ ಕಿವೀಲಿ ಕೇಳಿದ್ದು ಒಳ್ಳೇ ಪ್ರಶ್ನೆ: "ಅಜ್ಜಿ, ಪೆಟ್ಟು ಬಿತ್ತು, ಅವ್ರು ಹಾಡು ಶುರುವೇ ಮಾಡ್ಲಿಲ್ವಲ್ಲ?" ಸರಳೆಯಿಂದ ಗೀತೆವರೆಗೂ ಎಲ್ಲಾ ಪೆಟ್ಟಿನ ಮೇಲೇ ಶುರುವಾಗುತ್ತೆ, ಅದಕ್ಕೆ ಸಮ ಅಂತಾರೆ. ದೊಡ್ಡ ಕೃತಿಗಳಲ್ಲಿ ಪೆಟ್ಟು ಬಿದ್ದ ಮೇಲೆ ಸ್ವಲ್ಪ ಬಿಟ್ಟು ಸಾಹಿತ್ಯ ಎತ್ಕೊಳ್ಳೋದುಂಟು, ಅದು ಅನಾಗತ. ಎತ್ಕೊಳ್ಳೋ ಜಾಗಕ್ಕೆ ಎಡುಪ್ಪು ಅಂತ ಕರೀತಾರೆ. ಆ ಸ್ವಲ್ಪ ಹೊತ್ತು ಬಾಯಿ ಸುಮ್ಮನಿರುತ್ತೆ, ಕೈ ಮಾತ್ರ ನಡೀತಿರುತ್ತೆ. ಅವಳ ಮೇಷ್ಟ್ರು ಅದನ್ನ ಹೇಳಿಕೊಡೋದಕ್ಕೆ ಇನ್ನೂ ವರ್ಷ ಬೇಕು. ಸದ್ಯಕ್ಕೆ ಕೆರೆ ನೀರಿನ ಏಳು ಲೆಕ್ಕವೇ ನಡೀತಾ ಇದೆ, ದಾರ ಇನ್ನೂ ಬಿಚ್ಚಿಲ್ಲ.