ರಾತ್ರಿಗೊಂದು ಕೆಂಪು ದೀಪ

ವಾಸ್ಕೋದ ನಮ್ಮ ಬಾಡಿಗೆ ಮನೆಯಲ್ಲಿ ಬಚ್ಚಲು ಹಿಂಬದಿಗಿದೆ. 78 ವರ್ಷದ ಅತ್ತೆಯವರು ರಾತ್ರಿ ಎರಡು ಸಲ ಏಳುತ್ತಾರೆ. ಟ್ಯೂಬ್‌ಲೈಟ್ ಹಾಕಿದರೆ ಮತ್ತೆ ನಿದ್ರೆ ಹತ್ತದು. ಹಾಕದಿದ್ದರೆ ಬೀಳುವ ಭಯ.

ನಮ್ಮ ಕಣ್ಣಿನ ಒಳಪರದೆಯಲ್ಲಿ ಬೆಳಕನ್ನು ಗುರುತಿಸಿ, ಹಗಲೋ ರಾತ್ರಿಯೋ ಎಂದು ಮೆದುಳಿಗೆ ತಿಳಿಸುವ ಕೆಲವು ಬೇರೆಯೇ ಕೋಶಗಳಿವೆಯೆಂದು ವಿಜ್ಞಾನಿಗಳು ತೋರಿಸಿದ್ದಾರೆ. ನೀಲಿ ಬೆಳಕಿಗೆ ಅವು ಬೇಗ ಎಚ್ಚರಗೊಳ್ಳುತ್ತವೆ, ಮಂದ ಕೆಂಪು ಬೆಳಕಿಗೆ ತೀರಾ ಕಡಿಮೆ. ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ ನೀಲಿಯೂ ಬೆರೆತಿರುತ್ತದೆ. ಆದರೆ ಕೆಂಪಾದರೆ ಸಾಲದು, ದೀಪ ಮಂದವೂ ಆಗಿರಬೇಕು. ಆದ್ದರಿಂದ ಅರ್ಧ ವಾಟಿನ ಕೆಂಪು ದೀಪವನ್ನು ಮೊಣಕಾಲಿಗಿಂತ ಕೆಳಗೆ, ಬೆಳಕು ನೆಲಕ್ಕೆ ಬೀಳುವಂತೆ, ಕಣ್ಣಿಗೆ ನೇರ ಕುಕ್ಕದಂತೆ ಹಾಕಿಸಿದೆವು.

ಎರಡನೆಯ ರಾತ್ರಿ ಅತ್ತೆ ಬಚ್ಚಲಿನ ಮೆಟ್ಟಿಲಲ್ಲಿ ಎಡವಿ ಬಾಗಿಲು ಹಿಡಿದು ನಿಂತರು. ಗೋವೆಯ ಅನೇಕ ಹಳೆಯ ಮನೆಗಳಂತೆ ಇಲ್ಲಿಯೂ ಕೆಂಪು ಸಿಮೆಂಟಿನ ನೆಲ. ಮೆಟ್ಟಿಲಂಚಿಗೆ ಬಳಿದಿದ್ದ ಬಿಳಿ ಪಟ್ಟಿ ಹಗಲಲ್ಲಿ ಎದ್ದು ಕಾಣುತ್ತಿತ್ತು. ಕೆಂಪು ಬೆಳಕಿನಲ್ಲಿ ಮಾಯ! ಬಿಳಿಯೂ ಕೆಂಪೂ ಆ ಬೆಳಕನ್ನು ಹೆಚ್ಚುಕಡಿಮೆ ಒಂದೇ ರೀತಿ ಹಿಂದಿರುಗಿಸುವುದರಿಂದ ಎರಡೂ ಒಂದೇ ಆಗಿ ಕಂಡವು. ಅದರ ಮೇಲೆ ಎರಡು ಬೆರಳಗಲ ಕಪ್ಪು ಪಟ್ಟಿ ಬಳಿದ ಮೇಲೆ ಅಂಚು ಸ್ಪಷ್ಟವಾಯಿತು.

ನೀವೂ ದೀಪ ಹಾಕಿಸಿದರೆ, ಹತ್ತು ನಿಮಿಷ ಕತ್ತಲಲ್ಲಿದ್ದು ಆ ದಾರಿಯಲ್ಲೊಮ್ಮೆ ನಡೆದು ನೋಡಿ. ಇನ್ನೊಂದು ಮಾತು: ಕೆಂಪು ಬೆಳಕಿನಲ್ಲಿ ಮೂತ್ರದಲ್ಲಿನ ರಕ್ತ ತಿಳಿಯುವುದಿಲ್ಲ, ಮಾತ್ರೆಗಳ ಬಣ್ಣವೂ ತಪ್ಪಿ ಕಾಣುತ್ತದೆ. ಅವಕ್ಕೆ ಬಿಳಿ ದೀಪವೇ ಬೇಕು.